ಓದುಗರ ಪ್ರಶ್ನೆ: ಪವರ್ ಲೆಕ್ಕ ಸರಿಹೊಂದಿದರೂ ಉತ್ತರ ತಪ್ಪಾಗಲು ಸಾಧ್ಯವೇ?

ಹಾಸನದಲ್ಲಿ ಎಂಜಿನಿಯರಿಂಗ್ ಮೂರನೇ ಸೆಮಿಸ್ಟರ್ ಓದುತ್ತಿರುವ ವಿದ್ಯಾರ್ಥಿನಿಯೊಬ್ಬರು ತಮ್ಮ ನೋಟ್‌ಬುಕ್ಕಿನ ಪುಟವನ್ನು ಕಳಿಸಿ ಹೀಗೆ ಕೇಳಿದ್ದಾರೆ: "ಡಿಪೆಂಡೆಂಟ್ ಸೋರ್ಸ್ ಇರುವ ಈ ಸರ್ಕ್ಯೂಟ್‌ಗೆ ನನಗೆ ಬಂದದ್ದು 4.2 ಮತ್ತು 2.8 ಆಂಪಿಯರ್, ಗೆಳತಿಗೆ ಬಂದದ್ದು 1 ಮತ್ತು −2. ನನ್ನ ಪವರ್ ಲೆಕ್ಕ ಪೂರ್ತಿ ಸರಿಹೊಂದುತ್ತದೆ. ಹಾಗಾದರೆ ತಪ್ಪು ಯಾರದು?"

ಮೊದಲು ಚಿತ್ರವನ್ನು ಮಾತಿನಲ್ಲಿ ಹೇಳುತ್ತೇನೆ. ಎಡ ಮೆಶ್‌ನಲ್ಲಿ 14 ವೋಲ್ಟ್‌ನ ಸೋರ್ಸ್ ಮತ್ತು ಮೇಲಿನ ತಂತಿಯಲ್ಲಿ 2 ಓಮ್ ಇವೆ. ಎರಡೂ ಮೆಶ್‌ಗಳಿಗೆ ಸೇರಿದ ನಡುವಿನ ಕವಲಿನಲ್ಲಿ 4 ಓಮ್ ಇದ್ದು, ಅದರ ವೋಲ್ಟೇಜ್‌ಗೆ vₓ ಎಂದು ಹೆಸರಿಟ್ಟು ಮೇಲ್ತುದಿಯಲ್ಲಿ ಪ್ಲಸ್ ಗುರುತು ಹಾಕಲಾಗಿದೆ. ಬಲ ಮೆಶ್‌ನಲ್ಲಿ 6 ಓಮ್ ಹಾಗೂ ಬಲತುದಿಯ ಕವಲಿನಲ್ಲಿ 2vₓ ಮೌಲ್ಯದ ಡಿಪೆಂಡೆಂಟ್ ವೋಲ್ಟೇಜ್ ಸೋರ್ಸ್ ಇವೆ. ಎರಡೂ ಸೋರ್ಸ್‌ಗಳ ಪ್ಲಸ್ ಮೇಲ್ಗಡೆಯೇ ಇದೆ. ಎಡ ಮೆಶ್‌ನ ಕರೆಂಟ್ i₁ ಮತ್ತು ಬಲ ಮೆಶ್‌ನ ಕರೆಂಟ್ i₂ ಎರಡೂ ಗಡಿಯಾರದ ಮುಳ್ಳಿನ ದಿಕ್ಕಿನಲ್ಲಿ ಸುತ್ತುತ್ತವೆ.

ಕಿರ್ಚಾಫ್ ನಿಯಮದಂತೆ ಬರೆದರೆ ಎರಡು ಸಮೀಕರಣಗಳು ಸಿಗುತ್ತವೆ:

```
2i₁ + 4(i₁ − i₂) = 14
4(i₂ − i₁) + 6i₂ + 2vₓ = 0
```

ಇಲ್ಲಿ ಅಜ್ಞಾತಗಳು ಮೂರು. ಮೂರನೆಯ ಸಮೀಕರಣವನ್ನು ಇನ್ನೊಂದು ಲೂಪ್‌ನಿಂದ ತರಲು ಹಲವರು ಹೊರಗಿನ ದೊಡ್ಡ ಲೂಪ್ ಸುತ್ತುತ್ತಾರೆ; ಆದರೆ ಅದು ಮೇಲಿನ ಎರಡರ ಮೊತ್ತವೇ ಆದುದರಿಂದ ಹೊಸತೇನೂ ದೊರೆಯುವುದಿಲ್ಲ. ಬೇಕಾದ ಸಂಬಂಧ 4 ಓಮ್ ರೆಸಿಸ್ಟರ್‌ನಲ್ಲಿಯೇ ಇದೆ. ಅದರಲ್ಲಿ i₁ ಮೇಲಿನಿಂದ ಕೆಳಕ್ಕೂ i₂ ಕೆಳಗಿನಿಂದ ಮೇಲಕ್ಕೂ ಹರಿಯುತ್ತದೆ. ಪ್ಲಸ್ ಗುರುತು ಮೇಲಿರುವುದರಿಂದ ಪ್ಲಸ್ ತುದಿಯಿಂದ ಒಳಹೋಗುವ ಕರೆಂಟ್ i₁ − i₂, ಆದ್ದರಿಂದ vₓ = 4(i₁ − i₂).

ವಿದ್ಯಾರ್ಥಿನಿಯ ಪುಟದಲ್ಲಿ ಈ ಜಾಗದಲ್ಲಿಯೇ vₓ = 4(i₂ − i₁) ಎಂದಿದೆ. ಬಲ ಮೆಶ್‌ನ ಸಮೀಕರಣವನ್ನು ಆಗಷ್ಟೇ 4(i₂ − i₁) ಎಂದು ಆರಂಭಿಸಿದ್ದರಿಂದ, ಅದೇ ಪದವನ್ನು vₓಗೂ ಇಳಿಸಿಕೊಂಡಂತೆ ಕಾಣುತ್ತದೆ. ನಾನು ಕಂಡ ಉತ್ತರಪತ್ರಿಕೆಗಳಲ್ಲಿ ಅತಿ ಹೆಚ್ಚು ಸಲ ಆಗುವ ತಪ್ಪು ಇದೇ. ಮೆಶ್ ಸಮೀಕರಣದಲ್ಲಿ ಪದದ ಚಿಹ್ನೆಯನ್ನು ನಾವು ಸುತ್ತುವ ದಿಕ್ಕು ನಿರ್ಧರಿಸುತ್ತದೆ. vₓನ ಚಿಹ್ನೆಯನ್ನು ಚಿತ್ರದಲ್ಲಿರುವ ಪ್ಲಸ್ ಮಾತ್ರ ನಿರ್ಧರಿಸುತ್ತದೆ, ನಾವು ಯಾವ ಮೆಶ್‌ನಲ್ಲಿ ನಿಂತು ಬರೆಯುತ್ತಿದ್ದರೂ ಅದು ಬದಲಾಗದು.

ಸರಿಯಾದ vₓ ಅನ್ನು ಎರಡನೆಯ ಸಮೀಕರಣದಲ್ಲಿ ಹಾಕಿದರೆ:

```
6i₁ − 4i₂ = 14
4i₁ + 2i₂ = 0
```

ಎರಡನೆಯದರಿಂದ i₂ = −2i₁; ಅದನ್ನು ಮೊದಲನೆಯದರಲ್ಲಿ ಹಾಕಿದಾಗ 14i₁ = 14. ಹೀಗೆ i₁ = 1 ಆಂಪಿಯರ್, i₂ = −2 ಆಂಪಿಯರ್, vₓ = 12 ವೋಲ್ಟ್. ಗೆಳತಿಯ ಉತ್ತರವೇ ಸರಿ. ಮೈನಸ್ ಕಂಡು ಗಾಬರಿಯಾಗಬೇಕಿಲ್ಲ: 24 ವೋಲ್ಟ್‌ನ ಡಿಪೆಂಡೆಂಟ್ ಸೋರ್ಸ್ 12 ವೋಲ್ಟ್‌ನ ನಡುಕವಲಿನ ಕಡೆಗೆ ಕರೆಂಟನ್ನು ತಳ್ಳುತ್ತಿದೆ ಎಂದಷ್ಟೇ ಅದರ ಅರ್ಥ.

ಇನ್ನು ಪವರ್ ವಿಷಯ. ಸರಿಯಾದ ಉತ್ತರದಲ್ಲಿ ಸೋರ್ಸ್‌ಗಳು 14 + 48 = 62 ವ್ಯಾಟ್ ಕೊಡುತ್ತವೆ, ರೆಸಿಸ್ಟರ್‌ಗಳು 2 + 36 + 24 = 62 ವ್ಯಾಟ್ ಬಳಸುತ್ತವೆ. ತಪ್ಪು ಉತ್ತರದಲ್ಲಿಯೂ ಎರಡು ಕಡೆ 90.16 ವ್ಯಾಟ್ ಬರುತ್ತದೆ. ಕಾರಣವೇನೆಂದರೆ, ಆ ಉತ್ತರವೂ ಒಂದು ನಿಜವಾದ ಸರ್ಕ್ಯೂಟ್‌ನ ಉತ್ತರವೇ. ಡಿಪೆಂಡೆಂಟ್ ಸೋರ್ಸ್ ಅನ್ನು ತಲೆಕೆಳಗಾಗಿ ಜೋಡಿಸಿದ ಸರ್ಕ್ಯೂಟ್‌ನದು. ಪವರ್ ಲೆಕ್ಕಕ್ಕೆ ಸೋರ್ಸ್‌ನ ಎರಡು ತುದಿಗಳ ನಡುವಿನ ವೋಲ್ಟೇಜ್ ಗೊತ್ತೇ ಹೊರತು, ಆ ವೋಲ್ಟೇಜ್ ಯಾವ ನಿಯಮದಿಂದ ಬರಬೇಕಿತ್ತು ಎಂಬುದು ಗೊತ್ತಿಲ್ಲ.

ಆದುದರಿಂದ ಪರೀಕ್ಷೆ ಬೇರೆಯಾಗಿರಬೇಕು. ಬಂದ ಕರೆಂಟ್‌ಗಳನ್ನು ಹಿಡಿದು ಚಿತ್ರಕ್ಕೆ ಮರಳಿ, ನಡುವಿನ ಕವಲಿನ ವೋಲ್ಟೇಜನ್ನು ಎಡ ಮೆಶ್‌ನಿಂದ ಲೆಕ್ಕ ಹಾಕಿ: 14 − 2 × 4.2 = 5.6 ವೋಲ್ಟ್, ಮೇಲೆ ಪ್ಲಸ್. ಹಾಗಿದ್ದರೆ ಡಿಪೆಂಡೆಂಟ್ ಸೋರ್ಸ್ +11.2 ಇರಬೇಕು. ಬಲಕ್ಕೆ ಹೋದರೆ 5.6 − 6 × 2.8 = −11.2 ಬರುತ್ತದೆ. ತಪ್ಪು ಅಲ್ಲಿಯೇ ಸಿಕ್ಕಿಬೀಳುತ್ತದೆ.

ಮ್ಯಾಟ್ರಿಕ್ಸ್ ಬರೆಯುವವರಿಗೆ ಒಂದು ಮಾತು. ಕರ್ಣದ ಆಚೀಚಿನ ಪದಗಳು ಇಲ್ಲಿ −4 ಮತ್ತು +4. ಡಿಪೆಂಡೆಂಟ್ ಸೋರ್ಸ್ ಇಲ್ಲದಿದ್ದರೆ ಎರಡೂ −4 ಆಗುತ್ತಿದ್ದವು. ಸರ್ಕ್ಯೂಟ್ ನೋಡಿ ನೇರವಾಗಿ ಮ್ಯಾಟ್ರಿಕ್ಸ್ ತುಂಬುವ ಅಭ್ಯಾಸ ಇಂಥಲ್ಲಿ ಕೈಕೊಡುತ್ತದೆ. 2vₓ ಬದಲು kvₓ ಎಂದಿಟ್ಟು ಡಿಟರ್ಮಿನೆಂಟ್ ತೆಗೆದರೆ 36 − 8(k − 1) ಬರುತ್ತದೆ; k = 5.5 ಆದಾಗ ಅದು ಸೊನ್ನೆಯಾಗಿ, ಈ ಎರಡು ಸಮೀಕರಣಗಳಿಗೆ ಉತ್ತರವೇ ಇರುವುದಿಲ್ಲ.