ಮೂರು ಕಾಗದ, ಮೂರು ಕೈ: ಇಂಡೆಂಟ್‌ನಿಂದ ಪಾವತಿಯವರೆಗೆ

ಖರೀದಿಯಿಂದ ಪಾವತಿಯವರೆಗಿನ ಚಕ್ರವನ್ನು ಪಠ್ಯಪುಸ್ತಕಗಳು ಏಳೆಂಟು ಚೌಕಗಳ ಚಿತ್ರವಾಗಿ ಬರೆಯುತ್ತವೆ. ಚೌಕಗಳ ಕ್ರಮ ಬಾಯಿಪಾಠವಾಗಬಹುದು, ಆದರೆ ಮೂರು ಕಾಗದಗಳನ್ನು ಏಕೆ ತಾಳೆ ನೋಡಬೇಕು ಎಂಬುದು ಅದರಿಂದ ತಿಳಿಯುವುದಿಲ್ಲ. ಹಾಗಾಗಿ ಇಲ್ಲಿ ಒಂದೇ ಖರೀದಿಯನ್ನು ಕೊನೆಯವರೆಗೆ ಹಿಂಬಾಲಿಸೋಣ. ಕಲಿಕೆಗಾಗಿ ಕಲ್ಪಿಸಿಕೊಂಡ ಉದಾಹರಣೆ ಇದು: ಬೆಂಗಳೂರಿನ ಪೀಣ್ಯದಲ್ಲಿ ಪಂಪ್ ತಯಾರಿಸುವ ಒಂದು ಕಾರ್ಖಾನೆ, ಅದಕ್ಕೆ ಕಂಚಿನ ಬುಷ್‌ಗಳನ್ನು ಮಾಡಿಕೊಡುವ ಬೆಳಗಾವಿಯ ಒಂದು ಸಣ್ಣ ಘಟಕ.

ಉತ್ಪಾದನಾ ವಿಭಾಗದ ಮೇಲ್ವಿಚಾರಕರು ಬುಷ್‌ಗಳ ದಾಸ್ತಾನು ಇಳಿದಿರುವುದನ್ನು ಕಂಡು ಇಂಡೆಂಟ್, ಅಂದರೆ ಖರೀದಿ ಬೇಡಿಕೆ ಪತ್ರ ಬರೆಯುತ್ತಾರೆ. ಅದು ಕಾರ್ಖಾನೆಯ ಒಳಗಿನ ಕಾಗದ. ಯಾವ ವಸ್ತು, ಎಷ್ಟು, ಯಾವಾಗ ಬೇಕು, ಯಾವ ವಿಭಾಗದ ಲೆಕ್ಕಕ್ಕೆ ಎಂಬುದಷ್ಟೇ ಅದರಲ್ಲಿರುತ್ತದೆ. ಅದು ಮಂಜೂರಾದ ಮೇಲೆ ಖರೀದಿ ವಿಭಾಗ ದರಪಟ್ಟಿಗಳನ್ನು ತರಿಸಿ, ಹೋಲಿಸಿ, ಖರೀದಿ ಆದೇಶ ಅಂದರೆ ಪಿಒ ಹೊರಡಿಸುತ್ತದೆ. ಮಾರಾಟಗಾರರು ಪಿಒ ಒಪ್ಪಿಕೊಂಡರೆ ಅದು ಎರಡೂ ಕಡೆಯವರನ್ನು ಕಟ್ಟಿಹಾಕುವ ಕರಾರು. ನಮ್ಮ ಪಿಒದಲ್ಲಿ ಹೀಗಿದೆ: 500 ಬುಷ್, ತಲಾ 240 ರೂಪಾಯಿ, ಶೇ 18 ಜಿಎಸ್‌ಟಿ ಪ್ರತ್ಯೇಕ, ಸರಕು ಒಪ್ಪಿಕೊಂಡ 30 ದಿನಗಳೊಳಗೆ ಪಾವತಿ.

ಜುಲೈ 4ರಂದು ಲಾರಿ ಬರುತ್ತದೆ. ಚಲನ್‌ನಲ್ಲಿ 500 ಎಂದಿದೆ, ಸ್ಟೋರ್ಸ್‌ನಲ್ಲಿ ಎಣಿಸಿದಾಗ ಸಿಕ್ಕಿದ್ದು 480. ಗುಣಮಟ್ಟ ಪರೀಕ್ಷೆಯಲ್ಲಿ 10 ಬುಷ್‌ಗಳ ಒಳವ್ಯಾಸ ನಕ್ಷೆಯ ಮಿತಿಯನ್ನು ಮೀರಿದ್ದು ಕಾಣುತ್ತದೆ. ಅವನ್ನು ಹಿಂತಿರುಗಿಸಲು ಬೇರೆ ಇಡುತ್ತಾರೆ. ಸರಕು ಸ್ವೀಕೃತಿ ಚೀಟಿಯಲ್ಲಿ, ಅಂದರೆ ಜಿಆರ್‌ಎನ್‌ನಲ್ಲಿ, ಬಂದದ್ದು 480, ಒಪ್ಪಿದ್ದು 470 ಎಂದು ದಾಖಲಾಗುತ್ತದೆ. ಲೆಕ್ಕಪತ್ರದಲ್ಲೂ ಆಗಲೇ ಒಂದು ನಮೂದು ಬೀಳುತ್ತದೆ: ದಾಸ್ತಾನು ಖಾತೆಗೆ 1,12,800 ರೂಪಾಯಿ ಡೆಬಿಟ್, ಜಿಆರ್/ಐಆರ್ ಅಂದರೆ ಸರಕು ಸ್ವೀಕೃತಿ/ಬಿಲ್ ಸ್ವೀಕೃತಿ ಖಾತೆಗೆ ಅಷ್ಟೇ ಕ್ರೆಡಿಟ್. ಸರಕು ಬಂದಿದೆ, ಬಿಲ್ ಇನ್ನೂ ಬಂದಿಲ್ಲ ಎಂಬ ನಡುವಿನ ಸ್ಥಿತಿಯನ್ನು ಹಿಡಿದಿಡುವ ಖಾತೆ ಅದು.

ಆಮೇಲೆ ಬಿಲ್ ಬರುತ್ತದೆ. ಅದರಲ್ಲಿ 500 ಬುಷ್‌ಗೆ ತಲಾ 246 ರೂಪಾಯಿ ಹಾಕಿದ್ದಾರೆ.

| | ಪಿಒ | ಜಿಆರ್‌ಎನ್ | ಬಿಲ್ |
|---|---|---|---|
| ಸಂಖ್ಯೆ | 500 | 470 | 500 |
| ದರ (ರೂ.) | 240 | – | 246 |

ಈ ಪಟ್ಟಿಯಲ್ಲಿ ಹೊಸ ಕಲಿಕೆಗಾರರು ತಪ್ಪದೆ ಗಮನಿಸಬೇಕಾದದ್ದು ಯಾವುದನ್ನು ಯಾವುದರೊಡನೆ ಹೋಲಿಸಬೇಕು ಎಂಬುದನ್ನು. ಬಿಲ್‌ನ ದರಕ್ಕೆ ಅಳತೆಗೋಲು ಪಿಒ. ಬಿಲ್‌ನ ಸಂಖ್ಯೆಗೆ ಅಳತೆಗೋಲು ಜಿಆರ್‌ಎನ್. ಪಿಒದಲ್ಲೂ ಬಿಲ್‌ನಲ್ಲೂ 500 ಎಂದೇ ಇರುವುದರಿಂದ, ಆ ಎರಡನ್ನೇ ನೋಡಿದವರಿಗೆ ಸಂಖ್ಯೆಯಲ್ಲಿ ಏನೂ ತಪ್ಪು ಕಾಣುವುದಿಲ್ಲ. ಬಾರದ 20 ಬುಷ್ ಮತ್ತು ಕೆಟ್ಟ 10 ಬುಷ್‌ಗಳನ್ನು ತೋರಿಸುವುದು ಮೂರನೆಯ ಕಾಗದ ಮಾತ್ರ.

ಸಣ್ಣಪುಟ್ಟ ವ್ಯತ್ಯಾಸಕ್ಕೆಲ್ಲ ಪಾವತಿ ನಿಲ್ಲಿಸಿದರೆ ಕೆಲಸ ಸಾಗದು. ಅದಕ್ಕೆ ಪ್ರತಿ ಸಂಸ್ಥೆಯೂ ಒಂದು ಸೈರಣೆಯ ಮಿತಿ ಇಟ್ಟುಕೊಳ್ಳುತ್ತದೆ. ನಮ್ಮ ಕಾರ್ಖಾನೆಯಲ್ಲಿ ದರಕ್ಕೆ ಅದು ಶೇ 2 ಎಂದುಕೊಳ್ಳಿ. 240ರ ಮೇಲೆ 6 ರೂಪಾಯಿ ಎಂದರೆ ಶೇ 2.5, ಮಿತಿ ಮೀರಿತು. ಸಂಖ್ಯೆಯೂ ಹೊಂದಲಿಲ್ಲ. ಬಿಲ್ ದಾಖಲಾದರೂ ಅದರ ಪಾವತಿಗೆ ತಡೆ ಬೀಳುತ್ತದೆ.

ಈಗ ಮೊತ್ತ. ಬಿಲ್ ಕೇಳುತ್ತಿರುವುದು ತೆರಿಗೆ ಸೇರಿ 1,45,140 ರೂಪಾಯಿ. ಕೊಡಬೇಕಾದದ್ದು 470 ಬುಷ್‌ಗೆ 240ರಂತೆ 1,12,800, ಅದಕ್ಕೆ ಜಿಎಸ್‌ಟಿ 20,304, ಒಟ್ಟು 1,33,104 ರೂಪಾಯಿ. ವ್ಯತ್ಯಾಸ 12,036 ರೂಪಾಯಿ. ಇದಕ್ಕೆ ಮಾರಾಟಗಾರರಿಂದ ಕ್ರೆಡಿಟ್ ನೋಟ್, ಅಂದರೆ ಬಿಲ್‌ನ ಮೊತ್ತವನ್ನು ಅಷ್ಟು ಇಳಿಸುವ ಪತ್ರ ಪಡೆಯಬೇಕು. ಉಳಿದ ಬುಷ್‌ಗಳನ್ನು ಆಮೇಲೆ ಕಳುಹಿಸುತ್ತೇವೆ, ಬಿಲ್ ಹಾಗೆಯೇ ಇರಲಿ ಎಂದು ಅವರು ಹೇಳಬಹುದು. ಒಪ್ಪುವ ಮುನ್ನ ಜಿಎಸ್‌ಟಿ ಕಾಯ್ದೆಯ 16ನೇ ಸೆಕ್ಷನ್ ನೆನಪಿರಲಿ: ಸರಕು ಕೈಸೇರದೆ ಹೂಡುವಳಿ ತೆರಿಗೆ ಜಮೆ, ಅಂದರೆ ಖರೀದಿಯ ಮೇಲೆ ಕೊಟ್ಟ ತೆರಿಗೆಯನ್ನು ನಾವು ಕಟ್ಟಬೇಕಾದ ತೆರಿಗೆಯಲ್ಲಿ ಕಳೆಯುವ ಅವಕಾಶ ಸಿಗುವುದಿಲ್ಲ, ಒಂದೇ ಬಿಲ್‌ನ ಸರಕು ಕಂತುಗಳಲ್ಲಿ ಬಂದರೆ ಕೊನೆಯ ಕಂತು ಬಂದ ಮೇಲೆಯೇ ಜಮೆ. ಆ 30 ಬುಷ್‌ಗಳಿಗಾಗಿ ಇಡೀ ಬಿಲ್‌ನ ತೆರಿಗೆ ಜಮೆ ಕಾಯುತ್ತಾ ಕೂರುತ್ತದೆ. ಕ್ರೆಡಿಟ್ ನೋಟ್ ಪಡೆದು, ಬಾಕಿ ಸರಕಿಗೆ ಹೊಸ ಬಿಲ್ ಕೇಳುವುದೇ ನನ್ನ ದೃಷ್ಟಿಯಲ್ಲಿ ಸರಿಯಾದ ದಾರಿ.

ಆಕ್ಷೇಪ ಎತ್ತುವುದಕ್ಕೂ ಗಡುವಿದೆ, ಇದನ್ನು ಬಹಳ ಜನ ಮರೆಯುತ್ತಾರೆ. ಮಾರಾಟಗಾರರು ನೋಂದಾಯಿತ ಸೂಕ್ಷ್ಮ ಅಥವಾ ಸಣ್ಣ ಉದ್ದಿಮೆಯಾಗಿದ್ದರೆ 2006ರ ಎಂಎಸ್‌ಎಂಇ ಅಭಿವೃದ್ಧಿ ಕಾಯ್ದೆ ಅನ್ವಯಿಸುತ್ತದೆ. ಸರಕು ತಲುಪಿದ 15 ದಿನಗಳೊಳಗೆ ಲಿಖಿತವಾಗಿ ಆಕ್ಷೇಪಿಸಿದರೆ, ಮಾರಾಟಗಾರರು ಅದನ್ನು ಪರಿಹರಿಸಿದ ದಿನವೇ ಒಪ್ಪಿಗೆಯ ದಿನ. ಫೋನಿನಲ್ಲಿ ಮಾತ್ರ ಹೇಳಿ ಸುಮ್ಮನಾದರೆ ಸರಕು ತಲುಪಿದ ದಿನದಿಂದಲೇ ಲೆಕ್ಕ. ಕರಾರಿನಲ್ಲಿ ಏನೇ ಬರೆದುಕೊಂಡಿದ್ದರೂ ಪಾವತಿ ಒಪ್ಪಿಗೆಯ ದಿನದಿಂದ 45 ದಿನ ದಾಟುವಂತಿಲ್ಲ. ದಾಟಿದರೆ ರಿಸರ್ವ್ ಬ್ಯಾಂಕ್ ಪ್ರಕಟಿಸುವ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ, ಅದೂ ತಿಂಗಳಿಗೊಮ್ಮೆ ಚಕ್ರಬಡ್ಡಿ. ನಮ್ಮ ಕಾರ್ಖಾನೆ ಜುಲೈ 9ರಂದು ಇಮೇಲ್ ಮೂಲಕ ಆಕ್ಷೇಪಿಸಿತು, ಜುಲೈ 16ರಂದು ಕ್ರೆಡಿಟ್ ನೋಟ್ ಬಂದಿತು. ಅಲ್ಲಿಂದ 30 ದಿನ ಎಂದರೆ ಆಗಸ್ಟ್ 15. ಅಂದು ಬ್ಯಾಂಕ್ ರಜೆ, ಹಾಗಾಗಿ 14ರೊಳಗೇ ಹಣ ಹೋಗಬೇಕು.

ತಡೆ ತೆಗೆದ ಮೇಲೆ ಜಿಆರ್/ಐಆರ್ ಖಾತೆಯ 1,12,800 ಅಳಿಯುತ್ತದೆ, ಕೇಂದ್ರ ಮತ್ತು ರಾಜ್ಯದ ತೆರಿಗೆ ಜಮೆ ತಲಾ 10,152 ಏರುತ್ತದೆ, ಮಾರಾಟಗಾರರ ಖಾತೆಯಲ್ಲಿ ನಿವ್ವಳ 1,33,104 ನಿಲ್ಲುತ್ತದೆ. ಪಾವತಿಯಾದಾಗ ಅದೂ ಶೂನ್ಯ. ಪಾವತಿಯ ಹಂತದಲ್ಲಿ ಒಂದೇ ಎಚ್ಚರಿಕೆ: ಬ್ಯಾಂಕ್ ಖಾತೆ ಬದಲಾಗಿದೆ ಎಂಬ ಇಮೇಲ್ ಬಂದರೆ, ಆ ಇಮೇಲ್‌ನಲ್ಲಿರುವ ಸಂಖ್ಯೆಗಲ್ಲ, ಮೊದಲೇ ನಮ್ಮ ದಾಖಲೆಯಲ್ಲಿರುವ ಸಂಖ್ಯೆಗೆ ಕರೆ ಮಾಡಿ ಖಚಿತಪಡಿಸಿಕೊಳ್ಳಬೇಕು.

ಇಷ್ಟೆಲ್ಲ ವ್ಯವಸ್ಥೆಯಿದ್ದೂ ತಾಳೆ ಪೊಳ್ಳಾಗುವುದು ಹೇಗೆ? ಮೂರು ಕಾಗದಗಳು ಮೂರು ಕಡೆಯಿಂದ ಹುಟ್ಟದಿದ್ದಾಗ. ಸ್ಟೋರ್ಸ್‌ನವರು ಸರಕನ್ನು ಎಣಿಸದೆ, ಬಿಲ್‌ನಲ್ಲಿರುವ 500 ಅನ್ನೇ ಜಿಆರ್‌ಎನ್‌ಗೆ ಇಳಿಸಿದರೆ, ಗಣಕಯಂತ್ರ ಮೂರರಲ್ಲೂ ಸಂಖ್ಯೆ ಹೊಂದಿದೆ ಎಂದು ಒಪ್ಪಿಕೊಳ್ಳುತ್ತದೆ. ಅಲ್ಲಿ ತಾಳೆಯಾದದ್ದು ಬಿಲ್ ತನ್ನೊಡನೆ ತಾನೇ. ಇದನ್ನು ತಡೆಯಲು ಕೆಲವು ಕಡೆ ಎಣಿಸುವವರಿಗೆ ಪಿಒದ ಸಂಖ್ಯೆಯನ್ನು ತೋರಿಸುವುದೇ ಇಲ್ಲ. ಒಳ್ಳೆಯ ಪದ್ಧತಿ, ಸ್ವಲ್ಪ ಸಮಯ ಹೆಚ್ಚು ಹಿಡಿದರೂ ಸರಿ.

ಲೆಕ್ಕಪರಿಶೋಧಕರು ಇಂಥದ್ದನ್ನು ದಿನಾಂಕಗಳಿಂದ ಹಿಡಿಯುತ್ತಾರೆ. ಗೇಟ್ ರಿಜಿಸ್ಟರ್‌ನಲ್ಲಿ ಲಾರಿ ಬಂದದ್ದು 4ರಂದು, ಜಿಆರ್‌ಎನ್ ಆದದ್ದು ಬಿಲ್ ಕೈಸೇರಿದ ದಿನ ಎಂದರೆ ಅನುಮಾನ ಬರಬೇಕು. ಒಂದು ಸ್ಟೋರ್ಸ್‌ನಲ್ಲಿ ವರ್ಷವಿಡೀ ಒಂದು ಬಾರಿಯೂ ಕೊರತೆ ದಾಖಲಾಗದಿದ್ದರೆ ಇನ್ನೂ ಹೆಚ್ಚು. ಪಿಒದ ದಿನಾಂಕ ಬಿಲ್‌ನದಕ್ಕಿಂತ ಈಚಿನದಾಗಿದ್ದರೆ ಆದೇಶವನ್ನು ಬಿಲ್ ನೋಡಿಯೇ ಬರೆದಿದ್ದಾರೆ ಎಂದರ್ಥ. ಜಿಆರ್/ಐಆರ್ ಖಾತೆಯಲ್ಲಿ ತಿಂಗಳುಗಟ್ಟಲೆ ಉಳಿದ ಬಾಕಿಗಳನ್ನು ಒಂದೊಂದಾಗಿ ಕೆದಕಿದರೆ, ಬಿಲ್ ಬಾರದ ಸರಕೋ ತಪ್ಪು ಪಿಒಗೆ ಹಚ್ಚಿದ ಬಿಲ್ಲೋ ಸಿಗುತ್ತದೆ.

ತಾಳೆಗೆ ಎಟುಕದ ಒಂದು ತಪ್ಪೂ ಇದೆ. ಬುಷ್‌ನ ನ್ಯಾಯವಾದ ದರ 200 ರೂಪಾಯಿಯಿದ್ದು ಪಿಒದಲ್ಲೇ 240 ಬರೆದಿದ್ದರೆ ಮೂರೂ ಕಾಗದಗಳು ಚೆನ್ನಾಗಿ ಹೊಂದುತ್ತವೆ. ಅದನ್ನು ಹಿಡಿಯಬೇಕಾದದ್ದು ದರಪಟ್ಟಿಗಳನ್ನು ಹೋಲಿಸುವ ಮೇಜಿನಲ್ಲಿ, ಪಿಒಗೆ ಸಹಿ ಬೀಳುವ ಮೊದಲು.