ಗಂಟೆಗೆ ಒಬ್ಬರು ಹೆಚ್ಚಾದರೆ ಸಾಲು ಎಷ್ಟು ಬೆಳೆಯುತ್ತದೆ?

ಶಿಡ್ಲಘಟ್ಟದ ಒಂದು ಬ್ಯಾಂಕ್ ಶಾಖೆಯಲ್ಲಿ ನಗದು ಕೌಂಟರ್ ಒಂದೇ ಇದೆ ಎಂದು ಇಟ್ಟುಕೊಳ್ಳೋಣ. ಗೂಡು ಮಾರಿದ ರೇಷ್ಮೆ ಬೆಳೆಗಾರರು ಹಣ ತೆಗೆಯಲು, ಅಂಗಡಿಯವರು ಹಣ ಕಟ್ಟಲು ಅಲ್ಲಿಗೆ ಬರುತ್ತಾರೆ. ಕ್ಯಾಷಿಯರ್‌ಗೆ ಒಬ್ಬರ ಕೆಲಸ ಮುಗಿಸಲು ಸರಾಸರಿ 5 ನಿಮಿಷ ಬೇಕು, ಅಂದರೆ ಗಂಟೆಗೆ 12 ಜನರ ಕೆಲಸ ಆಗಬಲ್ಲದು. ಬರುವವರು ಗಂಟೆಗೆ ಸರಾಸರಿ 11 ಮಂದಿ. ಸಾಮರ್ಥ್ಯವೇ ಹೆಚ್ಚಿರುವಾಗ ಸಾಲು ಏಕೆ ನಿಲ್ಲಬೇಕು?

ಜನರು ಗಡಿಯಾರ ನೋಡಿಕೊಂಡು ಒಬ್ಬೊಬ್ಬರಾಗಿ ಬರುವುದಿಲ್ಲ ಎಂಬುದೇ ಇದಕ್ಕೆ ಕಾರಣ. ಒಮ್ಮೆ ಬಸ್ಸಿಳಿದ ನಾಲ್ವರು ಒಟ್ಟಿಗೆ ಒಳಗೆ ಬಂದರೆ, ಇನ್ನೊಮ್ಮೆ ಹತ್ತು ನಿಮಿಷ ಯಾರೂ ಇರುವುದಿಲ್ಲ. ಕ್ಯಾಷಿಯರ್ ಸುಮ್ಮನೆ ಕುಳಿತ ಆ ಹತ್ತು ನಿಮಿಷವನ್ನು ಕೂಡಿಟ್ಟು ಮುಂದಿನ ನೂಕುನುಗ್ಗಲಿಗೆ ಬಳಸುವಂತಿಲ್ಲ. ಸಾಲು ಬೆಳೆಯುವುದು ಇಲ್ಲಿಯೇ. ದೂರವಾಣಿ ಕರೆಗಳ ಇಂತಹ ಅನಿಯತ ಆಗಮನವನ್ನು ಗಣಿತಕ್ಕೆ ಅಳವಡಿಸಿ, 1909ರಲ್ಲಿ ಪ್ರಬಂಧ ಪ್ರಕಟಿಸಿದ ಡೆನ್ಮಾರ್ಕಿನ ಎ. ಕೆ. ಎರ್ಲಾಂಗ್ ಅವರಿಂದ ಸರತಿ ಸಿದ್ಧಾಂತ ಆರಂಭವಾಯಿತು.

ಆಗಮನವೂ ಕೆಲಸಕ್ಕೆ ಹಿಡಿಯುವ ಸಮಯವೂ ಅನಿಯತವಾಗಿರುವ ಸರಳ ಮಾದರಿಯಲ್ಲಿ ಸರಾಸರಿ ಕಾಯುವಿಕೆ ಹೀಗೆ ದೊರೆಯುತ್ತದೆ: ಬರುವವರ ಸಂಖ್ಯೆಯನ್ನು, ಸಾಮರ್ಥ್ಯ ಮತ್ತು ಮಿಕ್ಕ ಸಾಮರ್ಥ್ಯಗಳ ಗುಣಲಬ್ಧದಿಂದ ಭಾಗಿಸಬೇಕು. ಗಂಟೆಗೆ 9 ಜನ ಬಂದರೆ 9 ÷ (12 × 3) ಗಂಟೆ, ಅಂದರೆ 15 ನಿಮಿಷ. 10 ಜನ ಬಂದರೆ 25 ನಿಮಿಷ. 11 ಜನ ಬಂದರೆ 55 ನಿಮಿಷ. ಕೊನೆಯ ಹೆಜ್ಜೆಯಲ್ಲಿ ಹೆಚ್ಚಿದ್ದು ಒಬ್ಬರೇ, ಆದರೆ ಮಿಕ್ಕ ಸಾಮರ್ಥ್ಯ ಎರಡರಿಂದ ಒಂದಕ್ಕೆ ಇಳಿದದ್ದರಿಂದ ಕಾಯುವಿಕೆ ಎರಡು ಪಟ್ಟು ಮೀರಿತು. ಕ್ಯಾಷಿಯರ್ ಬಿಡುವಾಗಿ ಕುಳಿತದ್ದನ್ನು ಕಂಡು ಸಿಬ್ಬಂದಿ ಹೆಚ್ಚಾಯಿತೆಂದು ತೀರ್ಮಾನಿಸುವುದು ತಪ್ಪೆಂದು ನಾನು ಒತ್ತಿ ಹೇಳುವುದು ಇದಕ್ಕಾಗಿಯೇ. ಆ ಬಿಡುವೇ ಸಾಲನ್ನು ಹಿಡಿತದಲ್ಲಿಡುವ ವಸ್ತು.

ಎರಡು ಕೌಂಟರ್‌ಗಳಿದ್ದು, ಒಂದೊಂದಕ್ಕೂ ಗಂಟೆಗೆ 11 ಜನರ ಪ್ರತ್ಯೇಕ ಸಾಲಿದ್ದರೆ ಕಾಯುವಿಕೆ ಅದೇ 55 ನಿಮಿಷ. ಎಲ್ಲರಿಗೂ ಒಂದೇ ಸರಣಿಯ ಟೋಕನ್ ಕೊಟ್ಟು, ಯಾವ ಕೌಂಟರ್ ಬಿಡುವಾದರೂ ಮುಂದಿನವರನ್ನು ಅಲ್ಲಿಗೆ ಕರೆದರೆ ಅದು ಸುಮಾರು 26 ನಿಮಿಷಕ್ಕೆ ಇಳಿಯುತ್ತದೆ, ಏಕೆಂದರೆ ಒಂದು ಕಡೆ ಜನ ಕಾಯುತ್ತಿರುವಾಗ ಇನ್ನೊಂದು ಕೌಂಟರ್ ಖಾಲಿ ಇರುವ ಪ್ರಮೇಯವೇ ಬರುವುದಿಲ್ಲ. ವಾಸ್ತವದಲ್ಲಿ ಜನರು ಚಿಕ್ಕ ಸಾಲಿಗೆ ಜಿಗಿಯುವುದರಿಂದ ವ್ಯತ್ಯಾಸ ಇಷ್ಟು ದೊಡ್ಡದಾಗಿರದು.

ಈ ಅಂಕಿಗಳು ದೀರ್ಘಕಾಲದ ಸರಾಸರಿಗಳು. ಶಾಖೆ ಪ್ರತಿದಿನ ಖಾಲಿ ಸಾಲಿನಿಂದ ಬಾಗಿಲು ತೆರೆಯುವುದರಿಂದ ಮೊದಲು ಬಂದವರು ಕಡಿಮೆ ಕಾಯುತ್ತಾರೆ. ಆದರೆ ಒಂದೇ ಕೌಂಟರ್ ಇರುವಾಗ ಮಾರುಕಟ್ಟೆ ಮುಗಿದ ಒಂದು ಗಂಟೆಯಲ್ಲಿ 18 ಜನ ಬಂದರೆ 6 ಮಂದಿ ಉಳಿದುಬಿಡುತ್ತಾರೆ. ಆಮೇಲೆ ಗಂಟೆಗೆ 11 ಜನರಂತೆ ಬರುತ್ತಲೇ ಇದ್ದರೆ, ಗಂಟೆಗೆ ಒಬ್ಬರಷ್ಟೇ ಮಿಕ್ಕ ಸಾಮರ್ಥ್ಯದಲ್ಲಿ ಆ ಬಾಕಿ ಕರಗಲು ಸುಮಾರು ಆರು ಗಂಟೆ ಬೇಕು. ಅಷ್ಟರೊಳಗೆ ಶಾಖೆಯ ಬಾಗಿಲು ಮುಚ್ಚುವ ಹೊತ್ತಾಗಿರುತ್ತದೆ.