ಕಂಪ್ರೆಷನ್ ರೇಶಿಯೋ ಹೆಚ್ಚಿದರೆ ದಕ್ಷತೆ ಏಕೆ ಹೆಚ್ಚುತ್ತದೆ?

ಪ್ರಶ್ನೆ: ಪೆಟ್ರೋಲ್ ಎಂಜಿನ್ನಿನ ಕಂಪ್ರೆಷನ್ ರೇಶಿಯೋ ಹೆಚ್ಚಿಸಿದರೆ ದಕ್ಷತೆ ಹೆಚ್ಚುತ್ತದೆ ಎಂದು ಓದಿದ್ದೇನೆ. ಗಾಳಿಯನ್ನು ಜಾಸ್ತಿ ಒತ್ತಿದಷ್ಟೂ ಸ್ಫೋಟ ಜೋರಾಗುತ್ತದೆ, ಅದಕ್ಕೇ ತಾನೆ?

ಉತ್ತರ: ಅಲ್ಲ. ಈ ಪ್ರಶ್ನೆಗೆ ಎಷ್ಟೋ ಸಲ ಉತ್ತರಿಸಿದ್ದೇನೆ. ಪ್ರತಿ ಸಲವೂ ಪ್ರಶ್ನೆಯ ಬಾಲದಲ್ಲಿ ಅದೇ ‘ಜೋರಾದ ಸ್ಫೋಟ’ ಅಂಟಿಕೊಂಡು ಬರುತ್ತದೆ. ಆದ್ದರಿಂದ ಈ ಬಾರಿ ಸೂತ್ರವನ್ನು ಪಕ್ಕಕ್ಕಿಟ್ಟು, ಒಂದು ಲೆಕ್ಕವನ್ನು ಕೊನೆಯವರೆಗೂ ಮಾಡಿ ತೋರಿಸುತ್ತೇನೆ.

ಏರ್ ಸ್ಟ್ಯಾಂಡರ್ಡ್ ವಿಶ್ಲೇಷಣೆಯಲ್ಲಿ ನಾವು ಎಂಜಿನ್ನನ್ನು ಬಹಳ ಸರಳ ಮಾಡಿಕೊಳ್ಳುತ್ತೇವೆ. ಸಿಲಿಂಡರಿನಲ್ಲಿ ಇರುವುದು ಬರೀ ಗಾಳಿ. ಪೆಟ್ರೋಲ್ ಉರಿಯುವ ಬದಲು, ಪಿಸ್ಟನ್ ಮೇಲ್ತುದಿಯಲ್ಲಿರುವಾಗ ಹೊರಗಿನಿಂದ ಉಷ್ಣ ಒಳಬರುತ್ತದೆ. ಹೊಗೆ ಹೊರಹೋಗುವ ಬದಲು, ಪಿಸ್ಟನ್ ಕೆಳತುದಿಯಲ್ಲಿರುವಾಗ ಅದೇ ಗಾಳಿ ತಣ್ಣಗಾಗುತ್ತದೆ. ನಡುವೆ ಒತ್ತುವಾಗಲೂ ಹಿಗ್ಗುವಾಗಲೂ ಗೋಡೆಗಳ ಮೂಲಕ ಉಷ್ಣ ಸೋರುವುದಿಲ್ಲ. ಇದೇ ಒಟ್ಟೊ ಸೈಕಲ್. ಅಷ್ಟು ಬಿಟ್ಟುಕೊಟ್ಟ ಮೇಲೂ ಅದು ಮುಖ್ಯವಾದ ಒಂದು ಸತ್ಯವನ್ನು ಉಳಿಸಿಕೊಂಡಿರುವುದರಿಂದಲೇ ನಾವು ಅದನ್ನು ಇಂದಿಗೂ ಕಲಿಸುತ್ತೇವೆ.

ಕಂಪ್ರೆಷನ್ ರೇಶಿಯೋ 8 ಇರಲಿ. ಗಾಳಿ 300 ಕೆಲ್ವಿನ್‌ನಲ್ಲಿ ಒಳಗಿದೆ. ಅದರ ಗಾತ್ರವನ್ನು ಎಂಟರಲ್ಲೊಂದು ಪಾಲಿಗೆ ಇಳಿಸಿದರೆ ತಾಪ 8ರ 0.4ನೇ ಘಾತದಷ್ಟು, ಅಂದರೆ ಸುಮಾರು 2.3 ಪಟ್ಟು ಏರಿ 689 ಆಗುತ್ತದೆ. ಈಗ ಉಷ್ಣ ಕೊಡೋಣ, ತಾಪ 2000 ಡಿಗ್ರಿ ಏರುವಷ್ಟು. ಒಂದು ಕೆ.ಜಿ. ಗಾಳಿಗೆ ಅದು ಸುಮಾರು 1436 ಕಿಲೋಜೂಲ್. ಆದರೆ ಇಲ್ಲಿ ಕೆಲಸವೂ ಉಷ್ಣವೂ ತಾಪದ ವ್ಯತ್ಯಾಸಕ್ಕೆ ಒಂದೇ ಅನುಪಾತದಲ್ಲಿರುವುದರಿಂದ ಲೆಕ್ಕವನ್ನು ಡಿಗ್ರಿಗಳಲ್ಲೇ ಇಡಬಹುದು. ತಾಪ 2689ಕ್ಕೆ ಮುಟ್ಟಿತು. ಪಿಸ್ಟನ್ ಕೆಳಗಿಳಿಯುತ್ತಾ ಗಾಳಿ ಮತ್ತೆ ಎಂಟು ಪಟ್ಟು ಹಿಗ್ಗುತ್ತದೆ, ತಾಪ ಅದೇ 2.3ರಿಂದ ಭಾಗವಾಗಿ 1171ಕ್ಕೆ ಇಳಿಯುತ್ತದೆ.

ಇಲ್ಲಿ ಸ್ವಲ್ಪ ನಿಂತು ನೋಡಿ. ಒತ್ತಿದಾಗ 300 ಇದ್ದದ್ದು 689 ಆಯಿತು. ಹಿಗ್ಗಿದಾಗ ಆ 689ರ ಪಾಲು ಸರಿಯಾಗಿ 300ಕ್ಕೆ ಮರಳುತ್ತದೆ. ಒತ್ತಲು ಹಾಕಿದ ಕೆಲಸ ಪೂರ್ತಿ ವಾಪಸ್ಸು ಬಂತು, ಲಾಭವೂ ಇಲ್ಲ, ನಷ್ಟವೂ ಇಲ್ಲ. ಉಳಿದದ್ದು ನಾವು ಮೇಲಿಂದ ಸೇರಿಸಿದ 2000. ಅದು 2.3ರಿಂದ ಭಾಗವಾಗಿ 871 ಆಗಿ ಉಳಿಯಿತು. ಆ 871 ಹೊಗೆಯೊಂದಿಗೆ ಹೋಯಿತು, 1129 ಕೆಲಸವಾಯಿತು. ದಕ್ಷತೆ ಶೇಕಡ 56.5. ಪುಸ್ತಕಗಳಲ್ಲಿರುವ η = 1 − 1/r^(γ−1) ಎಂಬ ಸೂತ್ರ ಹೇಳುವುದು ಇಷ್ಟನ್ನೇ. ಅಲ್ಲಿ η ದಕ್ಷತೆ, r ಕಂಪ್ರೆಷನ್ ರೇಶಿಯೋ, γ ಅನಿಲದ ಎರಡು ವಿಶಿಷ್ಟ ಉಷ್ಣಗಳ ಅನುಪಾತ. ಗಾಳಿಗೆ ಅದು 1.4, ಮೇಲಿನ 0.4 ಬಂದದ್ದು ಅಲ್ಲಿಂದಲೇ.

ರೇಶಿಯೋ 12 ಮಾಡಿ, ಅದೇ 2000 ಕೊಡಿ. ಭಾಜಕ ಈಗ 2.7. ತಾಪ 811ರಿಂದ 2811ಕ್ಕೆ ಏರಿ, ಹಿಗ್ಗಿದ ಮೇಲೆ 1040ಕ್ಕೆ ಇಳಿಯುತ್ತದೆ. ಹೊರಗೆ ಹೋದದ್ದು 740, ದಕ್ಷತೆ ಶೇಕಡ 63. ಗರಿಷ್ಠ ತಾಪ ಹೆಚ್ಚಿದ್ದರೂ ಹೊಗೆ ಮೊದಲಿಗಿಂತ ತಣ್ಣಗಿದೆ ಎಂಬುದನ್ನು ಗಮನಿಸಿ.

ಈಗ ‘ಜೋರಾದ ಸ್ಫೋಟ’ದ ವಿಚಾರಕ್ಕೆ ಬರೋಣ. ರೇಶಿಯೋ 8ರಲ್ಲೇ ಇಟ್ಟು ಉಷ್ಣವನ್ನು ಅರ್ಧ ಮಾಡಿ, 1000 ಸಾಕು. ಗರಿಷ್ಠ ತಾಪ 1689ಕ್ಕೆ ಕುಸಿಯುತ್ತದೆ, ಒತ್ತಡವೂ ಅದೇ ಪ್ರಮಾಣದಲ್ಲಿ ಕುಸಿಯುತ್ತದೆ. ಸ್ಫೋಟ ಎಷ್ಟೋ ಸೌಮ್ಯವಾಯಿತು. ಆದರೆ ಆ 1000ದಲ್ಲಿ ಹೊರಗೆ ಹೋಗುವುದು 435, ದಕ್ಷತೆ ಮತ್ತೆ 56.5. ಸ್ಫೋಟದ ಜೋರು ನಿರ್ಧರಿಸುವುದು ಪ್ರತಿ ಸುತ್ತಿಗೆ ಎಷ್ಟು ಕೆಲಸ ಸಿಗುತ್ತದೆ ಎಂಬುದನ್ನು. ಕೊಟ್ಟ ಉಷ್ಣದಲ್ಲಿ ಎಷ್ಟು ಪಾಲು ಕೆಲಸವಾಗುತ್ತದೆ ಎಂಬುದನ್ನಲ್ಲ.

ಇಷ್ಟಕ್ಕೂ ಒಪ್ಪದವರಿಗಾಗಿ ಇನ್ನೊಂದು ಲೆಕ್ಕ ಇದೆ, ನನಗೆ ಬಹಳ ಪ್ರಿಯವಾದದ್ದು. ಮಾಮೂಲಿ ಎಂಜಿನ್ನಿನಲ್ಲಿ ಒತ್ತುವ ಅನುಪಾತವೂ ಹಿಗ್ಗುವ ಅನುಪಾತವೂ ಒಂದೇ, ಏಕೆಂದರೆ ಪಿಸ್ಟನ್ ಹತ್ತುವ ದೂರವೇ ಇಳಿಯುವ ದೂರ. ಅದಕ್ಕೇ ಎರಡರಲ್ಲಿ ಯಾವುದರ ಪ್ರತಾಪ ಎಂದು ತಿಳಿಯುವುದಿಲ್ಲ. ಅವೆರಡನ್ನೂ ಬೇರ್ಪಡಿಸೋಣ. ಮೊದಲು, 12 ಪಟ್ಟು ಒತ್ತಿ, ಹಿಗ್ಗುವಾಗ ಮಾತ್ರ 8 ಪಟ್ಟಿನಲ್ಲೇ ಹೊಗೆಯ ಕವಾಟ ತೆರೆದುಬಿಡಿ. ತಾಪ 2811ರಿಂದ 1224ಕ್ಕಷ್ಟೇ ಇಳಿದಿರುತ್ತದೆ. ಸಿಕ್ಕಿದ್ದು 1587, ಒತ್ತಲು ಕೊಟ್ಟದ್ದು 511. ಉಳಿದ ದಾರಿಯಲ್ಲಿ ವಾತಾವರಣದ ಒತ್ತಡ ಮಾಡುವ ಸುಮಾರು 40ನ್ನು ಸೇರಿಸಿದರೂ ನಿವ್ವಳ 1116. ಇದು ಬರೀ 8ರ ಎಂಜಿನ್ ಕೊಟ್ಟ 1129ಕ್ಕಿಂತಲೂ ಕಡಿಮೆ! ಜಾಸ್ತಿ ಒತ್ತಿದೆವು, ಸ್ಫೋಟವೂ ಜೋರಾಯಿತು, ದಕ್ಷತೆ ಮಾತ್ರ ಇಳಿಯಿತು.

ಈಗ ತಿರುಗಿಸಿ. 8 ಪಟ್ಟು ಒತ್ತಿ, 12 ಪಟ್ಟು ಹಿಗ್ಗಲು ಬಿಡಿ. 2689ರಿಂದ 995ಕ್ಕೆ ಇಳಿಯುತ್ತದೆ, ಸಿಕ್ಕಿದ್ದು 1694. ಒತ್ತಲು ಕೊಟ್ಟ 389 ಕಳೆಯಿರಿ. ಹಿಗ್ಗುವಾಗ ವಾತಾವರಣವನ್ನು ಹಿಂದಕ್ಕೆ ತಳ್ಳಿದ್ದಕ್ಕೆ ಇನ್ನೊಂದು 60 ಕಳೆಯಿರಿ. ನಿವ್ವಳ 1245, ದಕ್ಷತೆ ಶೇಕಡ 62ಕ್ಕೂ ಹೆಚ್ಚು. ಎರಡನ್ನೂ 12 ಮಾಡಿದಾಗ ಸಿಕ್ಕ 63ಕ್ಕೆ ಇದು ಎಷ್ಟು ಹತ್ತಿರವಿದೆ ನೋಡಿ. ದಕ್ಷತೆ ತರುವುದು ದೀರ್ಘವಾದ ಹಿಗ್ಗುವಿಕೆ. ಆ ಹಿಗ್ಗುವಿಕೆಗೆ ಜಾಗ ಮಾಡಿಕೊಡಲು ಒತ್ತುತ್ತೇವೆ, ಅಷ್ಟೆ.

ನಿಜವಾದ ಎಂಜಿನ್ನಿನಲ್ಲಿ ಈ ಅಂಕಿಗಳು ಸಿಗುವುದಿಲ್ಲ. ಬಿಸಿ ಅನಿಲದಲ್ಲಿ γ ಬೆಲೆ 1.4 ಇರದೆ 1.3ರ ಆಸುಪಾಸಿಗೆ ಇಳಿಯುತ್ತದೆ. ಅದೊಂದರಿಂದಲೇ 8ರ ರೇಶಿಯೋಗೆ 56.5 ಇದ್ದದ್ದು 46 ಆಗುತ್ತದೆ. ಮೇಲೆ ಗೋಡೆಗಳಿಗೆ ಸೋರುವ ಉಷ್ಣ, ಘರ್ಷಣೆ. ರೇಶಿಯೋ ಏರಿಸುತ್ತಾ ಹೋದಂತೆ ಲಾಭವೂ ಕುಗ್ಗುತ್ತದೆ: ಆದರ್ಶ ಲೆಕ್ಕದಲ್ಲೂ 8ರಿಂದ 9ಕ್ಕೆ ಹೋದರೆ ಸುಮಾರು ಎರಡು ಅಂಶ ಸಿಗುತ್ತದೆ, 12ರಿಂದ 13ಕ್ಕೆ ಒಂದೇ ಚಿಲ್ಲರೆ. ಇನ್ನು ನಾಕಿಂಗ್ ಇದ್ದೇ ಇದೆ. ಒತ್ತಿದ ಮಿಶ್ರಣ ಮೊದಲೇ ಬಿಸಿಯಾಗಿರುವುದರಿಂದ, ಜ್ವಾಲೆ ತಲುಪುವ ಮುನ್ನವೇ ಮೂಲೆಯ ಪಾಲು ತಾನಾಗಿ ಹೊತ್ತಿಕೊಳ್ಳುತ್ತದೆ. ಕಡಿಮೆ ವೇಗದಲ್ಲಿ ಭಾರ ಎಳೆಯುವಾಗ ಲೋಹ ಬಡಿದಂತೆ ಕೇಳುವ ಟಿಕಟಿಕ ಸದ್ದು ಅದರದ್ದೇ. ಅಂದರೆ ಒತ್ತುವಿಕೆಯ ಬಿಸಿ ಲಾಭದ ಮೂಲವಲ್ಲ, ನಮ್ಮನ್ನು ತಡೆಯುವ ಗೋಡೆ.

ಹಾಗಾದರೆ ಕಡಿಮೆ ಒತ್ತಿ ಜಾಸ್ತಿ ಹಿಗ್ಗಿಸುವ ಎಂಜಿನ್ನನ್ನೇ ಕಟ್ಟಬಹುದಲ್ಲ? ಈ ಪ್ರಶ್ನೆಯನ್ನು ಯಾರೂ ಕೇಳುವುದಿಲ್ಲ, ಕೇಳಬೇಕಾದದ್ದು ಇದನ್ನೇ. ಜೇಮ್ಸ್ ಅಟ್ಕಿನ್ಸನ್ 1880ರ ದಶಕದಲ್ಲೇ ವಿಶೇಷ ಕೀಲುಗಳ ಜೋಡಣೆಯಿಂದ ಅಂಥ ಎಂಜಿನ್ ಮಾಡಿದ್ದರು. ಈಗ ಅಷ್ಟು ಕಷ್ಟಪಡಬೇಕಿಲ್ಲ. ಪಿಸ್ಟನ್ ಮೇಲೇರತೊಡಗಿದ ಮೇಲೂ ಒಳಬರುವ ಕವಾಟವನ್ನು ಸ್ವಲ್ಪ ಹೊತ್ತು ತೆರೆದಿಟ್ಟರೆ ಸಾಕು. ಒಂದಿಷ್ಟು ಮಿಶ್ರಣ ಹಿಂದಕ್ಕೆ ಹೋಗುತ್ತದೆ, ಒತ್ತುವಿಕೆ ತಡವಾಗಿ ಶುರುವಾಗುತ್ತದೆ, ಹಿಗ್ಗುವಿಕೆ ಮಾತ್ರ ಪೂರ್ತಿ ನಡೆಯುತ್ತದೆ. 1997ರಲ್ಲಿ ಬಂದ ಟೊಯೋಟಾ ಪ್ರಿಯಸ್ ಇದೇ ಉಪಾಯ ಬಳಸಿತು. ಇದಕ್ಕೆ ತೆರಬೇಕಾದ ಬೆಲೆ ಶಕ್ತಿ. ನಮ್ಮ 8 ಮತ್ತು 12ರ ಉದಾಹರಣೆಯಲ್ಲಿ ಸಿಲಿಂಡರ್ ಒಂದೂವರೆ ಪಟ್ಟು ದೊಡ್ಡದಿರಬೇಕು, ಉರಿಯುವ ಮಿಶ್ರಣ ಮಾತ್ರ ಮೊದಲಿನಷ್ಟೇ. ಹೈಬ್ರಿಡ್‌ನಲ್ಲಿ ಆ ಕೊರತೆಯನ್ನು ವಿದ್ಯುತ್ ಮೋಟಾರು ತುಂಬುತ್ತದೆ. ಆದ್ದರಿಂದ ಅಂಥ ಗಾಡಿಯ ವಿವರಪಟ್ಟಿಯಲ್ಲಿ ಕಂಪ್ರೆಷನ್ ರೇಶಿಯೋ 13 ಎಂದು ಕಂಡರೆ, ಅದು ಸಿಲಿಂಡರಿನ ಅಳತೆಯಿಂದ ಬಂದ ಹಿಗ್ಗುವ ಅನುಪಾತ ಎಂದು ಓದಿಕೊಳ್ಳಿ. ನಿಜವಾಗಿ ಒತ್ತುವುದು ಅದಕ್ಕಿಂತ ಕಡಿಮೆ.